ಮೊದಲ ಭೇಟಿಯ ದೇಹಭಾಷೆ: ನೋಟ, ಬಾಗು, ಅನುಕರಣೆ

ಪರಿಚಯವಿಲ್ಲದ ಇಬ್ಬರು ಮೊದಲ ಸಲ ಎದುರುಬದುರು ಕೂತಾಗ ಒಬ್ಬರಿಗೆ ಇನ್ನೊಬ್ಬರು ಹಿಡಿಸಿದರೋ ಇಲ್ಲವೋ ಎಂಬುದನ್ನು ಮೈಯ ಚಲನೆಗಳಿಂದ ಊಹಿಸುವ ರೂಢಿ ಹಳೆಯದು. ಈ ಊಹೆಗೆ ಹೆಚ್ಚಾಗಿ ಆಧಾರವಾಗುವುದು ಮೂರು ಚಲನೆಗಳು: ಕಣ್ಣಿಗೆ ಕಣ್ಣು ಕೊಟ್ಟು ನೋಡುವುದು, ಮಾತಾಡುವವರ ಕಡೆಗೆ ಮುಂದೆ ಬಾಗುವುದು, ಎದುರಿನವರ ಭಂಗಿಯನ್ನೂ ಸನ್ನೆಯನ್ನೂ ಅರಿವಿಲ್ಲದೆ ಅನುಸರಿಸುವುದು. ಕೊನೆಯದಕ್ಕೆ ಮಿರರಿಂಗ್ ಎಂಬ ಹೆಸರು ಕನ್ನಡದಲ್ಲೂ ಬಳಕೆಗೆ ಬಂದಿದೆ. ಅಮೆರಿಕದ ಜೂಲಿಯಸ್ ಫಾಸ್ಟ್ 1970ರಲ್ಲಿ ಬರೆದ ‘ಬಾಡಿ ಲ್ಯಾಂಗ್ವೇಜ್’ ಪುಸ್ತಕ ಭರ್ಜರಿಯಾಗಿ ಮಾರಾಟವಾದ ಮೇಲೆ, ಈ ಮೂರೂ ಸೇರಿದರೆ ಆಸಕ್ತಿ ಖಚಿತ ಎನ್ನುವ ಪಟ್ಟಿಗಳು ಎಲ್ಲೆಡೆ ಹರಡಿದವು. ಸುಮಾರು 60 ವರ್ಷಗಳ ಪ್ರಯೋಗಗಳು ಇದಕ್ಕಿಂತ ತೊಡಕಿನ ಚಿತ್ರವನ್ನು ಕೊಡುತ್ತವೆ. ನೂರಾರು ಜೋಡಿಗಳ ಸರಾಸರಿ ತೆಗೆದರೆ ಇವುಗಳಲ್ಲಿ ಕೆಲವಕ್ಕೂ ಮೆಚ್ಚುಗೆಗೂ ನಂಟಿದೆ. ಆದರೆ ಇಂಥವರು, ಇಂದು, ಈ ಮೇಜಿನ ಮುಂದೆ ಕೂತವರು ನನ್ನನ್ನು ಮೆಚ್ಚಿದರೇ ಎಂಬ ಪ್ರಶ್ನೆಗೆ ಯಾವ ಒಂದು ಚಲನೆಯೂ ಉತ್ತರ ಕೊಡುವುದಿಲ್ಲ.

ನೋಟ

ಕಣ್ಣು ಮೊದಲು ಮಾಡುವ ಕೆಲಸ ಮಾತಿನ ಸರದಿ ನೋಡಿಕೊಳ್ಳುವುದು. ಒಲವು ತೋರುವುದು ಆಮೇಲಿನ ಮಾತು. ಆಡಂ ಕೆಂಡನ್ ಇಬ್ಬಿಬ್ಬರ ಸಂಭಾಷಣೆಗಳನ್ನು ಚಿತ್ರೀಕರಿಸಿ, ಫಿಲ್ಮನ್ನು ಚೌಕಟ್ಟು ಚೌಕಟ್ಟಾಗಿ ಪರಿಶೀಲಿಸಿ 1967ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ತಳಹದಿ. ಒಬ್ಬರು ಉದ್ದದ ಮಾತು ಶುರುಮಾಡುವಾಗ ಕಣ್ಣನ್ನು ಆಚೆ ತಿರುಗಿಸುತ್ತಾರೆ. ಮಾತು ಮುಗಿಯುವ ಹೊತ್ತಿಗೆ ಮತ್ತೆ ಎದುರಿನವರತ್ತ ನೋಡುತ್ತಾರೆ. ಆ ಕೊನೆಯ ನೋಟ ‘ಇನ್ನು ನೀವು ಹೇಳಿ’ ಎನ್ನುವುದಕ್ಕೆ ಸಮ. ಕೇಳುವವರು ಮಾತಾಡುವವರಿಗಿಂತ ಹೆಚ್ಚು ಹೊತ್ತು ನೋಡುತ್ತಾರೆ. ಇಂಗ್ಲೆಂಡಿನಲ್ಲಿ ಮೈಕೆಲ್ ಆರ್ಗೈಲ್ ಮತ್ತು ಅವರ ಸಂಗಡಿಗರು ಮುಂದೆ ಅಳೆದು ಕೊಟ್ಟ ಲೆಕ್ಕದಲ್ಲಿ, ಒಬ್ಬ ವ್ಯಕ್ತಿ ಕೇಳುವಾಗ ಸುಮಾರು ಶೇ. 75ರಷ್ಟು ಹೊತ್ತು, ತಾನೇ ಮಾತಾಡುವಾಗ ಸುಮಾರು ಶೇ. 40ರಷ್ಟು ಹೊತ್ತು ಎದುರಿನವರ ಮುಖ ನೋಡುತ್ತಾನೆ. ಇಬ್ಬರ ಕಣ್ಣೂ ಒಟ್ಟಿಗೆ ಕೂಡುವುದು ಸುಮಾರು ಶೇ. 30ರಷ್ಟು ಹೊತ್ತು ಮಾತ್ರ, ಅದೂ ಒಂದೆರಡು ಸೆಕೆಂಡಿನ ತುಣುಕುಗಳಲ್ಲಿ.

ಇದರಿಂದ ಒಂದು ಮುಖ್ಯ ತೀರ್ಮಾನ ಹೊರಡುತ್ತದೆ. ಭೇಟಿಯಲ್ಲಿ ನೀವೇ ಹೆಚ್ಚು ಮಾತಾಡಿದ್ದರೆ ಎದುರಿನವರು ಹೆಚ್ಚು ಹೊತ್ತು ನಿಮ್ಮನ್ನು ನೋಡಿದ್ದು ಸಹಜ, ಏಕೆಂದರೆ ಅವರಿಗೆ ಕೇಳುವುದೊಂದೇ ಕೆಲಸ ಉಳಿದಿತ್ತು. ‘ಕಣ್ಣು ತೆಗೆಯದೆ ಕೇಳಿಸಿಕೊಂಡರು’ ಎಂದು ಹಿಗ್ಗುವವರು ಆ ಸಂಜೆ ಯಾರ ಮಾತು ಎಷ್ಟಿತ್ತು ಎಂದು ಮೊದಲು ನೆನಪಿಸಿಕೊಳ್ಳಬೇಕು. ಹಾಗೆಯೇ, ಕಷ್ಟದ ಪ್ರಶ್ನೆಗೆ ಉತ್ತರ ಹುಡುಕುವಾಗ ಜನ ಕಣ್ಣು ಆಚೆ ಸರಿಸುತ್ತಾರೆ. ಎದುರಿನ ಮುಖ ಬಹಳ ಮಾಹಿತಿ ಹೊತ್ತ ವಸ್ತು. ಅದನ್ನು ನೋಡುತ್ತಲೇ ಯೋಚಿಸುವುದು ಮೆದುಳಿಗೆ ಹೊರೆ. ‘ಮುಂದಿನ ಐದು ವರ್ಷದಲ್ಲಿ ಎಲ್ಲಿರಬೇಕು ಅಂದ್ಕೊಂಡಿದ್ದೀರಿ?’ ಎಂದು ಕೇಳಿದಾಗ ಎದುರಿನವರು ಕಿಟಕಿ ಕಡೆ ನೋಡಿದರೆ ಅದು ಬೇಸರವೂ ಅಲ್ಲ, ಸುಳ್ಳೂ ಅಲ್ಲ. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಎಂಬ ನಂಬಿಕೆ ಹತ್ತಾರು ದೇಶಗಳಲ್ಲಿ ಇದೆ. ಪ್ರಯೋಗಗಳು ಅದನ್ನು ಎತ್ತಿಹಿಡಿದಿಲ್ಲ.

ಎಷ್ಟು ಹೊತ್ತಿನ ನೋಟ ಹಿತವೆನಿಸುತ್ತದೆ? ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಬಂದಿದ್ದ ಸುಮಾರು 500 ಮಂದಿಯನ್ನು ಬಳಸಿ ನಿಕೋಲಾ ಬಿನೆಟ್ಟಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2016ರಲ್ಲಿ ಹೊರಬಂತು. ಪರದೆಯ ಮೇಲೆ ನಟರೊಬ್ಬರು ನೇರವಾಗಿ ನೋಡುವ ತುಣುಕುಗಳನ್ನು ಬೇರೆ ಬೇರೆ ಅವಧಿಗೆ ತೋರಿಸಿ, ನೋಟ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳಲಾಯಿತು. ಸರಾಸರಿ ಬಂದದ್ದು 3.3 ಸೆಕೆಂಡು. ಬಹುತೇಕರ ಇಷ್ಟ ಎರಡರಿಂದ ಐದು ಸೆಕೆಂಡುಗಳ ನಡುವೆ ಬಿತ್ತು. ಸ್ವಸಹಾಯ ಪುಸ್ತಕಗಳು ಈ 3.3ನ್ನು ಎತ್ತಿಕೊಂಡು ನಿಯಮವಾಗಿ ಕೊಡುವುದುಂಟು. ಸಂಖ್ಯೆ ಹೇಳುವುದು ಪರದೆಯ ಮೇಲಿನ ಅಪರಿಚಿತ ಮುಖವನ್ನು ಎಷ್ಟು ಹೊತ್ತು ಸಹಿಸಬಹುದು ಎಂಬುದನ್ನು. ಪ್ರತಿಯೊಬ್ಬರ ಇಷ್ಟ ಬೇರೆ ಬೇರೆ ಎಂಬುದು ಆ ಅಧ್ಯಯನದ ಹೆಚ್ಚು ಉಪಯುಕ್ತ ಭಾಗ. ಕೆಂಡನ್ ನೋಡಿದ ಬೆರಳೆಣಿಕೆಯ ಜನರಲ್ಲೇ ಕೆಲವರು ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ನೋಡುತ್ತಿದ್ದರು.

ಇನ್ನೊಂದು ತೊಡಕು, ಕಣ್ಣು ಕೂಡಿತು ಎಂಬ ಅನಿಸಿಕೆಯೇ ನಂಬಲರ್ಹವಲ್ಲ. ಆಸ್ಟ್ರೇಲಿಯದ ಈಡಿತ್ ಕೋವನ್ ವಿಶ್ವವಿದ್ಯಾಲಯದ ಶೇನ್ ರಾಜರ್ಸ್ ತಂಡ ಸಂಭಾಷಣೆಯ ವೇಳೆ ನೋಟದ ಜಾಡು ಹಿಡಿಯುವ ಕನ್ನಡಕ ತೊಡಿಸಿ ಇದನ್ನು ಪರೀಕ್ಷಿಸಿತು. ಪ್ರಯೋಗಕಾರರು ಕೆಲವರ ಜೊತೆ ಮಾತಾಡುವಾಗ ಹೆಚ್ಚಾಗಿ ಕಣ್ಣನ್ನೂ ಕೆಲವರ ಜೊತೆ ಹೆಚ್ಚಾಗಿ ಬಾಯನ್ನೂ ನೋಡಿದರು. ಎದುರಿಗಿದ್ದವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಎರಡೂ ಗುಂಪಿನವರು ಕಣ್ಣು ಕೂಡಿದ ಅನುಭವವನ್ನು ಒಂದೇ ತೆರನಾಗಿ ಹೇಳಿದರು. ಮುಖದ ಕಡೆ ಯಾವ ಭಾಗ ನೋಡಿದರೂ ಅದು ಕಣ್ಣಿಗೆ ಕಣ್ಣು ಎಂದೇ ಅನ್ನಿಸುತ್ತದೆ. ಮುಖ ನೋಡಿ ಮಾತಾಡಲು ಸಂಕೋಚಪಡುವವರಿಗೆ ಇದು ಸಮಾಧಾನದ ಸುದ್ದಿ. ನೋಟವನ್ನು ಸಾಕ್ಷ್ಯವಾಗಿ ಬಳಸುವವರಿಗೆ ಅಷ್ಟು ಸಮಾಧಾನದ್ದಲ್ಲ. ಕಿವಿ ಮಂದವಿದ್ದವರು ತುಟಿ ನೋಡುತ್ತಾರೆ; ಆಟಿಸಂ ಇರುವ ಅನೇಕರಿಗೆ ಕಣ್ಣು ನೋಡುವುದೇ ಹಿಂಸೆ; ಸಮೀಪದೃಷ್ಟಿ ಇದ್ದು ಕನ್ನಡಕ ತೆಗೆದಿಟ್ಟು ಬಂದವರ ದಿಟ್ಟ ನೋಟಕ್ಕೆ ಮಂಜು ಮುಖವೇ ಕಾರಣವಿರಬಹುದು. ಅಮೆರಿಕದಲ್ಲಿರುವ ಕನ್ನಡದ ಹುಡುಗ ಮೈಸೂರಿನ ಹುಡುಗಿಯನ್ನು ಮೊದಲು ಕಾಣುವುದು ಈಗ ಹೆಚ್ಚಾಗಿ ವಿಡಿಯೊ ಕರೆಯಲ್ಲಿ. ಅಲ್ಲಿ ಕ್ಯಾಮೆರಾ ಪರದೆಯ ಮೇಲಂಚಿನಲ್ಲಿರುತ್ತದೆ, ಎದುರಿನವರ ಕಣ್ಣು ಪರದೆಯ ನಡುವಿನಲ್ಲಿ. ಅವನು ಅವಳ ಕಣ್ಣನ್ನೇ ನೋಡಿದರೂ ಅವಳಿಗೆ ಅವನು ಕೆಳಗೆ ನೋಡುತ್ತಿರುವಂತೆ ಕಾಣುತ್ತದೆ.

ಮುಂದೆ ಬಾಗುವುದು

ಮುಂದೆ ಬಾಗಿ ಕೂರುವುದು ಒಲವಿನ ಗುರುತು ಎಂಬ ಮಾತಿಗೆ ಶಾಸ್ತ್ರೀಯ ಬೆಂಬಲ ಕೊಟ್ಟವರು ಆಲ್ಬರ್ಟ್ ಮೆಹ್ರಾಬಿಯನ್. 1960ರ ದಶಕದ ಕೊನೆಯಲ್ಲಿ ಅವರು ಕೂತ ಭಂಗಿ, ದೂರ, ಮೈಯ ದಿಕ್ಕು ಇವುಗಳಿಗೂ ಮನೋಭಾವಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸಿ, ಮುಂದೆ ಬಾಗಿದ ಭಂಗಿ ಹೆಚ್ಚು ಅನುಕೂಲದ ಮನಸ್ಸನ್ನು ಸೂಚಿಸುತ್ತದೆ ಎಂದರು. (ಸಂವಹನದಲ್ಲಿ ಶೇ. 93 ಭಾಗ ಮಾತಿಲ್ಲದ್ದು ಎಂದು ಕಾರ್ಯಾಗಾರಗಳಲ್ಲಿ ಕೇಳಿಬರುವ ಲೆಕ್ಕವೂ ಅವರ ಹೆಸರಿಗೇ ಅಂಟಿಕೊಂಡಿದೆ. ಒಂಟಿ ಪದವನ್ನು ಬೇರೆ ಬೇರೆ ದನಿಯಲ್ಲಿ, ಮುಖಭಾವದಲ್ಲಿ ಹೇಳಿಸಿ ನಡೆಸಿದ ಪ್ರಯೋಗಗಳಿಂದ ಹುಟ್ಟಿದ ಆ ಅಂಕಿಯನ್ನು ಇಡೀ ಸಂಭಾಷಣೆಗೆ ಹಚ್ಚುವುದು ತಪ್ಪು.)

ಆದರೆ ಬಾಗಿದವರನ್ನು ಕಂಡವರು ‘ಒಲವಿದೆ’ ಎಂದುಕೊಳ್ಳುವುದು ಬೇರೆ, ಒಲವಿದ್ದವರು ನಿಜವಾಗಿ ಬಾಗುವುದು ಬೇರೆ. ಮ್ಯಾಥ್ಯೂ ಮೊಂಟೋಯಾ, ಕ್ರಿಸ್ಟೀನ್ ಕರ್ಷಾ, ಜೂಲಿ ಪ್ರಾಸರ್ 2018ರಲ್ಲಿ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ಎರಡನೆಯ ಪ್ರಶ್ನೆಯನ್ನು ಕೇಳಿದರು. ಕಣ್ಣು ಕೂಡುವುದು, ನಗು, ಹತ್ತಿರ ಇರುವುದು, ತಾನಾಗಿ ಮಾತು ಶುರುಮಾಡುವುದು, ಅನುಕರಣೆ ಇವಕ್ಕೆ ಮೆಚ್ಚುಗೆಯೊಂದಿಗೆ ಸರಾಸರಿ ಸಂಬಂಧ ಕಂಡಿತು. ಮುಂದೆ ಬಾಗುವುದು, ತಲೆ ವಾಲಿಸುವುದು, ಕೂದಲು ಸರಿಪಡಿಸಿಕೊಳ್ಳುವುದು, ಕೈಕಾಲು ಬಿಚ್ಚಿ ಕೂರುವುದು ಇಂಥವಕ್ಕೆ ಕಾಣಲಿಲ್ಲ. ಪಟ್ಟಿಗಳಲ್ಲಿ ತಪ್ಪದೆ ಬರುವ ಗುರುತುಗಳೇ ಇಲ್ಲಿ ಬಿದ್ದುಹೋದವು ಎಂಬುದು ಗಮನಿಸಬೇಕಾದ ಸಂಗತಿ.

ಬಾಗಲು ಬೇರೆ ಕಾರಣಗಳು ಬೇಕಾದಷ್ಟಿವೆ. ಬೆಂಗಳೂರಿನ ಜನ ತುಂಬಿದ ಕಾಫಿ ಅಂಗಡಿಯಲ್ಲಿ ಮಿಕ್ಸರ್ ಸದ್ದು, ಸ್ಪೀಕರ್ ಹಾಡು, ಪಕ್ಕದ ಮೇಜಿನ ಹುಟ್ಟುಹಬ್ಬದ ಗಲಾಟೆ ನಡುವೆ ಎದುರಿನವರ ಮಾತು ಕೇಳಬೇಕಾದರೆ ಬಾಗಲೇಬೇಕು. ಸೋಫಾ ತಗ್ಗಾಗಿದ್ದು ಮೇಜು ದೂರವಿದ್ದರೆ ಕಪ್ ಎತ್ತಲೂ ಬಾಗಬೇಕು.

ಇಲ್ಲಿ ಪಟ್ಟಿಗಳು ಪೂರ್ತಿ ಮರೆತಿರುವ ಒಂದು ಸಂಗತಿಯಿದೆ. 1965ರಲ್ಲಿ ಆರ್ಗೈಲ್ ಮತ್ತು ಜಾನೆಟ್ ಡೀನ್ ಪ್ರಯೋಗಕ್ಕೆ ಬಂದವರನ್ನು ಒಬ್ಬ ಸಹಾಯಕನಿಂದ ಎರಡು ಅಡಿ, ಆರು ಅಡಿ, ಹತ್ತು ಅಡಿ ದೂರದಲ್ಲಿ ಕೂರಿಸಿ ಮಾತಾಡಿಸಿದರು. ಸಹಾಯಕನಿಗೆ ಎಡೆಬಿಡದೆ ನೋಡುತ್ತಲೇ ಇರಲು ಹೇಳಲಾಗಿತ್ತು. ಹಾಗಾಗಿ ಕಣ್ಣು ಎಷ್ಟು ಹೊತ್ತು ಕೂಡಿತು ಎಂಬುದು ಬಂದವರ ಕೈಯಲ್ಲೇ ಇತ್ತು. ದೂರ ಕಡಿಮೆಯಾದಂತೆ ಕಣ್ಣು ಕೂಡುವ ಹೊತ್ತೂ ಕಡಿಮೆಯಾಯಿತು. ಎರಡಡಿಯಲ್ಲಿ ಜನ ನೋಟ ತಪ್ಪಿಸಿದರು, ಮೈಯನ್ನು ಹಿಂದಕ್ಕೆ ಸರಿಸಿದರು. ಅವರ ವಿವರಣೆ ಹೀಗಿತ್ತು: ಇಬ್ಬರ ನಡುವೆ ಆ ಹೊತ್ತಿಗೆ ಒಪ್ಪುವ ಆಪ್ತತೆಯ ಒಂದು ಮಟ್ಟವಿರುತ್ತದೆ. ಒಂದು ದಾರಿಯಲ್ಲಿ ಅದು ಮೀರಿದರೆ ಇನ್ನೊಂದು ದಾರಿಯಲ್ಲಿ ಇಳಿಸಿ ಸರಿದೂಗಿಸುತ್ತಾರೆ. ಈ ಸಮತೋಲನದ ವಾದ ಎಲ್ಲ ಸಂದರ್ಭಕ್ಕೂ ಹೊಂದಲಿಲ್ಲ, ನಂತರದವರು ಅದನ್ನು ತಿದ್ದಿದ್ದಾರೆ. ಆದರೂ ಮೊದಲ ಭೇಟಿಯ ಮಟ್ಟಿಗೆ ಅದು ಹೇಳುವುದು ಮುಖ್ಯ. ಮುಂದೆ ಬಾಗಿದ ವ್ಯಕ್ತಿ ಅದೇ ಕಾರಣಕ್ಕೆ ಕಣ್ಣು ಕೆಳಗಿಳಿಸಬಹುದು. ನೋಟವನ್ನೂ ಬಾಗುವಿಕೆಯನ್ನೂ ಎರಡು ಅಂಕಗಳಂತೆ ಕೂಡಿಸುವ ಪಟ್ಟಿ ಇವೆರಡೂ ಒಂದನ್ನೊಂದು ತಗ್ಗಿಸಬಲ್ಲವು ಎಂಬುದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಅನುಕರಣೆ

ಮೂರರಲ್ಲಿ ಹೆಚ್ಚು ಕುತೂಹಲಕರವಾದದ್ದೂ ಹೆಚ್ಚು ದುರುಪಯೋಗವಾದದ್ದೂ ಇದೇ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಾನ್ಯಾ ಚಾರ್ಟ್ರಾಂಡ್ ಮತ್ತು ಜಾನ್ ಬಾರ್ಗ್ 1999ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಊಸರವಳ್ಳಿ ಪರಿಣಾಮ ಎಂಬ ಹೆಸರು ತಂದವು. ಮೊದಲನೆಯದರಲ್ಲಿ ವಿದ್ಯಾರ್ಥಿ ಒಬ್ಬ ಅಪರಿಚಿತರ ಜೊತೆ ಕೂತು ಕೆಲವು ಫೋಟೊಗಳನ್ನು ವಿವರಿಸಬೇಕು. ಆ ಅಪರಿಚಿತರು ಪ್ರಯೋಗಕಾರರ ಕಡೆಯವರೇ. ಒಬ್ಬರು ನಡುನಡುವೆ ಮುಖ ಉಜ್ಜಿಕೊಳ್ಳುತ್ತಿದ್ದರು, ನಂತರ ಬಂದ ಇನ್ನೊಬ್ಬರು ಕಾಲು ಅಲ್ಲಾಡಿಸುತ್ತಿದ್ದರು. ಮುಖ ಉಜ್ಜುವವರ ಜೊತೆ ಇದ್ದಾಗ ವಿದ್ಯಾರ್ಥಿಗಳೂ ಹೆಚ್ಚಾಗಿ ಮುಖ ಉಜ್ಜಿಕೊಂಡರು, ಕಾಲು ಅಲ್ಲಾಡಿಸುವವರ ಜೊತೆ ಕಾಲು ಅಲ್ಲಾಡಿಸಿದರು. ಯಾರಿಗೂ ಅದರ ಅರಿವಿರಲಿಲ್ಲ. ಜನ ಓದಿ ಮರೆಯುವ ವಿವರವೊಂದು ಇಲ್ಲಿದೆ: ಅಪರಿಚಿತರು ನಗದೆ, ಕಣ್ಣು ಕೊಡದೆ ಬಿಗಿಯಾಗಿದ್ದಾಗಲೂ ಈ ಅನುಕರಣೆ ನಡೆಯಿತು. ಮೆಚ್ಚುಗೆ ಇಲ್ಲದೆಯೂ ಅನುಕರಣೆ ಹುಟ್ಟುತ್ತದೆ ಎಂದಾಯಿತು. ನೋಡಿದ್ದನ್ನು ಮೈ ತಾನಾಗಿ ಮಾಡತೊಡಗುತ್ತದೆ.

ಎರಡನೆಯ ಪ್ರಯೋಗದಲ್ಲಿ ದಿಕ್ಕು ತಿರುಗಿಸಿದರು. ಈಗ ಪ್ರಯೋಗಕಾರರ ಕಡೆಯವರು ವಿದ್ಯಾರ್ಥಿಯ ಭಂಗಿ, ಕೈಚಲನೆಗಳನ್ನು ಮೆಲ್ಲಗೆ ಅನುಸರಿಸಿದರು. ಅರ್ಧ ಜನರ ಜೊತೆ ಹಾಗೆ ಮಾಡದೆ ಸುಮ್ಮನೆ ಕೂತರು. ಕೊನೆಯಲ್ಲಿ ಆ ವ್ಯಕ್ತಿ ಎಷ್ಟು ಹಿಡಿಸಿದರು ಎಂದು ಒಂಬತ್ತರ ಅಳತೆಯಲ್ಲಿ ಕೇಳಿದಾಗ, ಅನುಕರಿಸಲ್ಪಟ್ಟವರ ಸರಾಸರಿ 6.62, ಉಳಿದವರದು 5.91. ವ್ಯತ್ಯಾಸ ನಿಜ, ಆದರೆ ಒಂದು ಅಂಕಕ್ಕಿಂತ ಕಡಿಮೆ. ಅನುಕರಣೆ ಇಲ್ಲದೆಯೂ ಜನ ಎದುರಿನವರನ್ನು ಸಾಕಷ್ಟು ಮೆಚ್ಚಿದ್ದರು. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಅನುಕರಿಸಿದವರಿಗೆ ವಿದ್ಯಾರ್ಥಿಯ ಬಗ್ಗೆ ಯಾವ ಒಲವೂ ಇರಬೇಕಿರಲಿಲ್ಲ. ಅವರು ಕೊಟ್ಟ ಕೆಲಸ ಮಾಡುತ್ತಿದ್ದರು. ಜೆರೆಮಿ ಬೇಲೆನ್ಸನ್ ಮತ್ತು ನಿಕ್ ಯೀ 2005ರಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಕಂಪ್ಯೂಟರ್ ಮೂಡಿಸಿದ ಒಂದು ಮುಖ ಎದುರಿನವರ ತಲೆಯ ಚಲನೆಗಳನ್ನು ನಾಲ್ಕು ಸೆಕೆಂಡು ತಡಮಾಡಿ ಹಾಗೇ ನಕಲು ಮಾಡುವಂತೆ ಮಾಡಿದರು. ಬಹುತೇಕರು ಅದನ್ನು ಗುರುತಿಸಲಿಲ್ಲ, ಆ ಮುಖದ ಮಾತನ್ನು ಹೆಚ್ಚು ಒಪ್ಪಿದರು. ಮನಸ್ಸೇ ಇಲ್ಲದ ಮುಖ ಅನುಕರಿಸಿದರೂ ಪರಿಣಾಮ ಒಂದೇ ಎಂದಮೇಲೆ, ಅನುಕರಣೆಯಿಂದ ಅನುಕರಿಸಿದವರ ಮನಸ್ಸನ್ನು ಓದುವುದು ಹೇಗೆ? ಮಾರಾಟ ತರಬೇತಿಯಲ್ಲೂ ಎನ್‌ಎಲ್‌ಪಿ ಶಿಬಿರಗಳಲ್ಲೂ ಮಿರರಿಂಗ್ ಹೇಳಿಕೊಡುತ್ತಾರೆ ಎಂಬುದನ್ನು ಇದರ ಜೊತೆಗೆ ಇಟ್ಟು ನೋಡಬೇಕು.

ಭಂಗಿ ಹೊಂದುವ ವಿಷಯದಲ್ಲಿ ಮರಿಯಾನ್ ಲಾಫ್ರಾನ್ಸ್ ಅವರ ಎರಡು ಕೆಲಸಗಳು ಬೇರೆ ಬೇರೆ ದಿಕ್ಕಿಗೆ ಬೊಟ್ಟು ಮಾಡುತ್ತವೆ. ಕಾಲೇಜು ತರಗತಿಗಳಲ್ಲಿ ಪಾಠ ಮಾಡುವವರ ಭಂಗಿಯನ್ನು ವಿದ್ಯಾರ್ಥಿಗಳು ಹಂಚಿಕೊಂಡಷ್ಟೂ ಆ ತರಗತಿಯಲ್ಲಿ ಹೊಂದಾಣಿಕೆ ಹೆಚ್ಚೆಂದು 1970ರ ದಶಕದಲ್ಲಿ ಅವರು ಕಂಡರು. 1981ರಲ್ಲಿ ವಿಲಿಯಂ ಇಕಿಸ್ ಜೊತೆ, ಪರಿಚಯವಿಲ್ಲದ ಇಬ್ಬಿಬ್ಬರನ್ನು ಕಾಯುವ ಕೋಣೆಯಲ್ಲಿ ಬಿಟ್ಟು ಚಿತ್ರೀಕರಿಸಿದಾಗ ಕತೆ ತಿರುಗಿತು. ಭಂಗಿ ಹೆಚ್ಚು ಹೊಂದಿದ್ದ ಜೋಡಿಗಳೇ ಮಾತುಕತೆ ಬಲವಂತದ್ದಾಗಿತ್ತು, ಮುಜುಗರವಾಯಿತು ಎಂದು ಹೇಳಿಕೊಂಡವು. ಏನು ಮಾಡಬೇಕೆಂದು ತೋಚದ ಇಬ್ಬರು ಒಬ್ಬರನ್ನೊಬ್ಬರು ನೋಡಿ ಹಾಗೇ ಕೂರುವುದು ಅರ್ಥವಾಗದ ಸಂಗತಿಯೇನಲ್ಲ. ಒಂದೇ ಚಲನೆ ಪರಿಚಯವಿದ್ದವರಲ್ಲಿ ಹೊಂದಾಣಿಕೆಯನ್ನೂ, ಹೊಸಬರಲ್ಲಿ ಹೊಂದಾಣಿಕೆಗಾಗಿ ಪಡುವ ಪಾಡನ್ನೂ ತೋರಿಸಬಲ್ಲದು.

ಅನುಕರಣೆ ನಿಜವಾಗಿ ನಡೆದಿದೆಯೇ ಎಂದು ತೀರ್ಮಾನಿಸುವುದೂ ಸುಲಭವಲ್ಲ. ಕುರ್ಚಿ ಮೇಲೆ ಕೂತ ಮನುಷ್ಯ ಮಾಡಬಹುದಾದ ಭಂಗಿಗಳು ಕೆಲವೇ. ಇಬ್ಬರ ಮುಂದೆಯೂ ಒಂದೇ ತರಹದ ಮೇಜು, ಒಂದೇ ಹೊತ್ತಿಗೆ ಬಂದ ಕಾಫಿ. ಇಬ್ಬರೂ ಒಟ್ಟಿಗೆ ಕಪ್ ಎತ್ತಿದರೆ ಅದು ಒಲವೋ ಕಾಫಿ ಆರುತ್ತಿದೆ ಎಂಬ ಅರಿವೋ? ಫ್ರಾಂಕ್ ಬರ್ನಿಯೇರಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು. ಜೋಡಿಯಲ್ಲಿ ಒಬ್ಬರ ವಿಡಿಯೊವನ್ನು ಅವರು ಎಂದೂ ಭೇಟಿಯಾಗದ ಬೇರೊಬ್ಬರ ವಿಡಿಯೊ ಪಕ್ಕ ಇಟ್ಟು, ಅವರಿಬ್ಬರೂ ಒಟ್ಟಿಗಿದ್ದಂತೆ ತೋರಿಸಿ, ನೋಡುವವರಿಂದ ಹೊಂದಾಣಿಕೆಗೆ ಅಂಕ ಹಾಕಿಸಿದರು. ಈ ಸುಳ್ಳು ಜೋಡಿಗಳಿಗೂ ಅಂಕ ಬಂದೇ ಬರುತ್ತದೆ; ನಿಜ ಜೋಡಿಗೆ ಅದರ ಮೇಲೆ ಬಂದಷ್ಟೇ ನಿಜವಾದ ಹೊಂದಾಣಿಕೆ. ಮನೆಗೆ ಹೋಗುತ್ತಾ ‘ನಾನು ಕೈ ಕಟ್ಟಿದಾಗ ಅವರೂ ಕಟ್ಟಿದರು’ ಎಂದು ಲೆಕ್ಕ ಹಾಕುವವರ ಬಳಿ ಇಂಥ ಸುಳ್ಳು ಜೋಡಿ ಇರುವುದಿಲ್ಲ. ತಾನು ಕೈ ಕಟ್ಟಿದಾಗ ಅವರು ಕಟ್ಟದೇ ಇದ್ದ ಹತ್ತು ಸಲ ನೆನಪಿನಲ್ಲೂ ಉಳಿಯುವುದಿಲ್ಲ.

ಭೇಟಿಯನ್ನೇ ಅಳೆದಾಗ

ಪ್ರಯೋಗಾಲಯ ಬಿಟ್ಟು ನಿಜವಾದ ಮೊದಲ ಭೇಟಿಯಲ್ಲಿ ಇವನ್ನೆಲ್ಲ ಅಳೆದ ಕೆಲಸಗಳು ಕಡಿಮೆ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಎಲಿಸ್ಕಾ ಪ್ರೊಚಾಜ್ಕೋವಾ, ಮಾರಿಸ್ಕಾ ಕ್ರೆಟ್ ಮತ್ತಿತರರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಅವುಗಳಲ್ಲಿ ಎದ್ದುಕಾಣುತ್ತದೆ. ಒಬ್ಬರನ್ನೊಬ್ಬರು ಹಿಂದೆ ಕಾಣದ ಹುಡುಗ ಹುಡುಗಿಯರನ್ನು ಎದುರುಬದುರು ಕೂರಿಸಿ, ನೋಟ ಅಳೆಯುವ ಕನ್ನಡಕ, ಹೃದಯ ಬಡಿತ ಮತ್ತು ಚರ್ಮದ ಬೆವರು ಅಳೆಯುವ ಸಾಧನಗಳನ್ನು ಹಾಕಲಾಯಿತು. ಮುಗುಳ್ನಗೆ, ನಗು, ನೋಟ, ಅವುಗಳನ್ನು ಪರಸ್ಪರ ಅನುಕರಿಸಿದ್ದು ಎಲ್ಲವನ್ನೂ ಲೆಕ್ಕ ಹಾಕಿದರು. ಕಣ್ಣಿಗೆ ಕಾಣುವ ಈ ಯಾವ ಗುರುತಿಗೂ ಆಕರ್ಷಣೆಯೊಂದಿಗೆ ಗಮನಾರ್ಹ ಸಂಬಂಧ ಸಿಗಲಿಲ್ಲ. ಸಿಕ್ಕಿದ್ದು ಇಬ್ಬರ ಹೃದಯ ಬಡಿತವೂ ಚರ್ಮದ ವಿದ್ಯುತ್ ವಾಹಕತೆಯೂ ಒಟ್ಟೊಟ್ಟಿಗೆ ಏರಿಳಿಯುವುದರಲ್ಲಿ. ಅದನ್ನು ಮೇಜಿನಾಚೆಯಿಂದ ಯಾರೂ ಕಣ್ಣಲ್ಲಿ ಅಳೆಯಲಾರರು. ಮೊಂಟೋಯಾ ತಂಡ ನೋಟಕ್ಕೆ ಸಂಬಂಧ ಕಂಡಿತ್ತು, ಲೈಡನ್ ತಂಡ ಕಾಣಲಿಲ್ಲ. ಇದರಲ್ಲಿ ವಿರೋಧವಿದೆ ಎಂದು ನನಗನ್ನಿಸುವುದಿಲ್ಲ. ಬಹಳ ಅಧ್ಯಯನಗಳನ್ನು ಕೂಡಿಸಿದಾಗಷ್ಟೇ ತೋರುವ ಸಣ್ಣ ನಂಟು ಒಂದು ಭೇಟಿಯ ಮಟ್ಟದಲ್ಲಿ ಕರಗಿಹೋಗುವುದು ಸಾಮಾನ್ಯ.

ಹೊರಗಿನಿಂದ ನೋಡುವವರ ಪಾಡೇನು? ಬರ್ಲಿನ್ನಿನಲ್ಲಿ ನಡೆದ ಸ್ಪೀಡ್ ಡೇಟಿಂಗ್ ಅಧ್ಯಯನದ ವಿಡಿಯೊಗಳನ್ನು ಸ್ಕೈಲರ್ ಪ್ಲೇಸ್, ಪೀಟರ್ ಟಾಡ್ ಮತ್ತಿತರರು ಅಮೆರಿಕದ ವಿದ್ಯಾರ್ಥಿಗಳಿಗೆ ತೋರಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡಸರ ಆಸಕ್ತಿಯನ್ನು ನೋಡುಗರು ಸುಮಾರಾಗಿ ಊಹಿಸಿದರು, ಹತ್ತು ಸೆಕೆಂಡಿನ ತುಣುಕು ಕೂಡ ಸಾಕಾಯಿತು. ಹೆಂಗಸರ ಆಸಕ್ತಿಯ ಊಹೆ ನಾಣ್ಯ ಚಿಮ್ಮುವುದಕ್ಕಿಂತ ಕೂದಲೆಳೆಯಷ್ಟೇ ಮೇಲಿತ್ತು. ಊಹಿಸುವವರು ಗಂಡೋ ಹೆಣ್ಣೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಕೆಲವು ಹೆಂಗಸರು ಎಷ್ಟು ಆತ್ಮೀಯವಾಗಿ ಮಾತಾಡಿದ್ದರೆಂದರೆ, ಅವರು ಆಮೇಲೆ ‘ಬೇಡ’ ಎಂದು ಬರೆದಿದ್ದನ್ನು ನೋಡುಗರು ಊಹಿಸಲಾರದೆ ಹೋದರು. ಸೌಜನ್ಯವೂ ಆಸಕ್ತಿಯೂ ಹೊರಗೆ ಒಂದೇ ರೂಪ ತಾಳುತ್ತವೆ. ಅದರಲ್ಲೂ ಸೌಜನ್ಯದ ಹೊಣೆ ಹೆಚ್ಚಾಗಿ ಹೆಣ್ಣಿನ ಮೇಲೇ ಬೀಳುವ ಸಮಾಜಗಳಲ್ಲಿ.

ಇದರ ಪರಿಣಾಮ ನಿರುಪದ್ರವಿಯಲ್ಲ. ಅಮೆರಿಕದ ಆಂಟೋನಿಯಾ ಆಬಿ 1982ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನ ಒಂದು ಘಟನೆಯಿಂದ ಶುರುವಾಗುತ್ತದೆ. ಕಿಕ್ಕಿರಿದ ಬಾರೊಂದರಲ್ಲಿ ಅವರೂ ಗೆಳತಿಯರೂ ಇಬ್ಬರು ಅಪರಿಚಿತ ಗಂಡಸರ ಜೊತೆ ಮೇಜು ಹಂಚಿಕೊಂಡು ಸಲುಗೆಯಿಂದ ಮಾತಾಡಿದ್ದರು. ಆ ಗಂಡಸರು ಸ್ನೇಹವನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡಾಗ ಇವರು ಮೇಜು ಬಿಟ್ಟು ಏಳಬೇಕಾಯಿತು. ಆಬಿ ಇದನ್ನು ಪ್ರಯೋಗಕ್ಕೆ ಇಳಿಸಿದರು. ಒಬ್ಬ ಗಂಡಸು, ಒಬ್ಬ ಹೆಂಗಸು ಐದು ನಿಮಿಷ ಮಾತಾಡುವರು. ಮರೆಯಿಂದ ಇನ್ನೊಬ್ಬ ಗಂಡಸು, ಇನ್ನೊಬ್ಬ ಹೆಂಗಸು ನೋಡುವರು. ಅದೇ ಐದು ನಿಮಿಷವನ್ನು ಕಂಡು ಗಂಡಸರು ಆ ಹೆಂಗಸಿನಲ್ಲಿ ಹೆಂಗಸರು ಕಂಡದ್ದಕ್ಕಿಂತ ಹೆಚ್ಚು ಲೈಂಗಿಕ ಸೂಚನೆ ಕಂಡರು. ಮೈಯ ಚಲನೆಗಳು ಇಬ್ಬರಿಗೂ ಒಂದೇ ಆಗಿದ್ದವು.

ಒಂದು ಲೆಕ್ಕ

ಒಂದು ಗುರುತು ಎಷ್ಟು ಸಾಬೀತು ಮಾಡುತ್ತದೆ ಎಂಬುದನ್ನು ಅಂಕಿಯಲ್ಲಿ ಇಟ್ಟರೆ ಸ್ಪಷ್ಟವಾಗುತ್ತದೆ. ಇಲ್ಲಿನ ಸಂಖ್ಯೆಗಳು ಊಹೆಯವು, ಗುರುತಿಗೆ ಸ್ವಲ್ಪ ಉದಾರವಾಗಿಯೇ ಹಿಡಿದವು. ನೂರು ಮೊದಲ ಭೇಟಿಗಳಲ್ಲಿ 30 ಜನಕ್ಕೆ ಎದುರಿನವರು ನಿಜವಾಗಿ ಹಿಡಿಸಿದ್ದಾರೆ, 70 ಜನಕ್ಕೆ ಇಲ್ಲ ಎನ್ನೋಣ. ಹಿಡಿಸಿದವರಲ್ಲಿ ಶೇ. 60 ಮಂದಿ ಮುಂದೆ ಬಾಗುತ್ತಾರೆ, ಅಂದರೆ 18 ಜನ. ಹಿಡಿಸದವರಲ್ಲೂ ಸದ್ದು, ಸೌಜನ್ಯ, ಅಭ್ಯಾಸದಿಂದ ಶೇ. 40 ಮಂದಿ ಬಾಗುತ್ತಾರೆ, ಅಂದರೆ 28 ಜನ. ಒಟ್ಟು ಬಾಗಿದವರು 46. ಅವರಲ್ಲಿ ಹಿಡಿಸಿದವರು 18. ಬಾಗುವುದನ್ನು ಕಾಣುವ ಮುಂಚೆ ನೂರಕ್ಕೆ 30 ಇದ್ದ ಸಾಧ್ಯತೆ ಕಂಡ ಮೇಲೆ 39 ಆಯಿತು. ಬಾಗಿದವರಲ್ಲೂ ಹಿಡಿಸದವರೇ ಹೆಚ್ಚು.

ನೋಟವೂ ಸೇರಿದರೆ? ನೋಟಕ್ಕೂ ಅದೇ 60, 40ರ ಬಲ ಕೊಟ್ಟು, ಎರಡೂ ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದುಕೊಂಡರೆ ಸಾಧ್ಯತೆ ಸುಮಾರು 49ಕ್ಕೆ, ಅಂದರೆ ಅರ್ಧಕ್ಕರ್ಧಕ್ಕೆ ಏರುತ್ತದೆ. ಆದರೆ ಅವು ಸಂಬಂಧವಿಲ್ಲದೆ ಬರುವುದಿಲ್ಲ. ಸದ್ದಿನ ಕಾಫಿ ಅಂಗಡಿ ಬಾಗುವಂತೆಯೂ ಮಾಡುತ್ತದೆ, ತುಟಿ ನೋಡುವಂತೆಯೂ ಮಾಡುತ್ತದೆ. ಎಲ್ಲರೊಂದಿಗೂ ಬೆರೆಯುವ ಸ್ವಭಾವದವರು ನೋಡುತ್ತಾರೆ, ಬಾಗುತ್ತಾರೆ, ಅನುಕರಿಸುತ್ತಾರೆ. ಪಕ್ಕದ ಮನೆಯ ಅಜ್ಜಿಯ ಜೊತೆಯೂ ಹಾಗೇ ಇರುತ್ತಾರೆ. ಒಂದೇ ಮೂಲದಿಂದ ಬಂದ ಮೂರು ಗುರುತುಗಳು ಮೂರು ಸಾಕ್ಷಿಗಳಲ್ಲ. ‘ಒಂದನ್ನೇ ನೋಡಬೇಡಿ, ಗೊಂಚಲಾಗಿ ನೋಡಿ’ ಎಂಬ ಜನಪ್ರಿಯ ಸಲಹೆ ಎಡವುವುದು ಇಲ್ಲೇ.

ಸಂಶೋಧಕರು ಇದನ್ನು ಬಿಡಿಸಲು ಪ್ರತಿಯೊಬ್ಬರನ್ನೂ ಹಲವರ ಜೊತೆ ಕೂರಿಸುತ್ತಾರೆ. ಆಗ ಒಬ್ಬರ ನೋಟದಲ್ಲಿ ಅವರ ಸ್ವಭಾವದ ಪಾಲೆಷ್ಟು, ಎದುರಿನವರು ಎಲ್ಲರಿಂದಲೂ ಪಡೆಯುವ ಪಾಲೆಷ್ಟು, ಈ ಜೋಡಿಗೇ ವಿಶಿಷ್ಟವಾದ ಪಾಲೆಷ್ಟು ಎಂದು ಬೇರ್ಪಡಿಸಬಹುದು. ಸಾಮಾನ್ಯ ಭೇಟಿಯಲ್ಲಿ ಬೇಕಾದದ್ದು ಮೂರನೆಯ ಪಾಲು ಮಾತ್ರ. ಮೊದಲ ಸಲ ಕಂಡವರ ವಿಷಯದಲ್ಲಿ ಅದನ್ನು ತೆಗೆಯಲು ದಾರಿಯೇ ಇಲ್ಲ, ಏಕೆಂದರೆ ಅವರು ಬೇರೆಯವರೊಂದಿಗೆ ಹೇಗಿರುತ್ತಾರೆ ಎಂದು ನಾವು ಕಂಡಿಲ್ಲ. ಅವರು ಕಾಫಿ ತಂದಿಟ್ಟ ಹುಡುಗನ ಜೊತೆ, ಫೋನಿನಲ್ಲಿ ಗೆಳತಿಯ ಜೊತೆ ಹೇಗೆ ಮಾತಾಡಿದರು ಎಂಬುದು ಒಂದಿಷ್ಟು ಹೋಲಿಕೆ ಕೊಡಬಹುದು. ವಿಷಯ ಬದಲಾದಾಗ ಅವರ ನೋಟವೂ ಬದಲಾಯಿತೇ ಎಂಬುದು ಇನ್ನೊಂದಿಷ್ಟು.

ಹೆಣ್ಣು ನೋಡುವ ಶಾಸ್ತ್ರದಲ್ಲಿ

ಭೇಟಿಯ ಕಟ್ಟುಪಾಡೇ ಮೈಯನ್ನು ಆಳುವ ಸಂದರ್ಭಕ್ಕೆ ಕರ್ನಾಟಕದ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಹಜಾರದಲ್ಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯ ಹಿರಿಯರು. ಕೇಸರಿಬಾತು, ಉಪ್ಪಿಟ್ಟು, ಕಾಫಿಯ ತಟ್ಟೆ ಹಿಡಿದು ಹುಡುಗಿ ಬರುತ್ತಾಳೆ. ತಲೆ ತಗ್ಗಿಸಿ ಕಾಫಿ ಕೊಡುತ್ತಾಳೆ. ಲೋಟ ಕೊಡಲು ಹುಡುಗನ ಮುಂದೆ ಬಾಗಲೇಬೇಕು. ಅವನೂ ನೆಲವನ್ನೋ ಗೋಡೆಯ ಕ್ಯಾಲೆಂಡರನ್ನೋ ನೋಡುತ್ತಾನೆ. ಇಬ್ಬರೂ ತಗ್ಗಿದ ತಲೆ, ಜೋಡಿಸಿದ ಕೈ. ಪಾಶ್ಚಾತ್ಯ ಪಟ್ಟಿಯ ಪ್ರಕಾರ ನೋಟ ಇಲ್ಲ, ಬಾಗು ಇದೆ, ಅನುಕರಣೆ ಇದೆ. ಮೂರರಲ್ಲಿ ಒಂದಕ್ಕೂ ಅರ್ಥವಿಲ್ಲ. ಅಲ್ಲೇ ಕೂತ ದೊಡ್ಡಮ್ಮ ‘ಹುಡುಗಿ ನಾಚ್ಕೊಂಡ್ಳು, ಅಂದ್ರೆ ಒಪ್ಪಿಗೆ’ ಎನ್ನುವುದುಂಟು. ದೊಡ್ಡಮ್ಮನ ಪಟ್ಟಿ ಬೇರೆ, ತಪ್ಪು ಅದೇ. ಒಪ್ಪಿಗೆ ಇಲ್ಲದ ಹುಡುಗಿಯೂ ಆ ಹಜಾರದಲ್ಲಿ ತಲೆ ಎತ್ತಿ ನೋಡುವ ಹಾಗಿಲ್ಲ. ಎಲ್ಲರೂ ಮಾಡಲೇಬೇಕಾದ್ದನ್ನು ಮಾಡಿದಾಗ ಅದರಿಂದ ಒಬ್ಬರ ಬಗ್ಗೆ ಏನೂ ತಿಳಿಯುವುದಿಲ್ಲ.

ಊರು, ಸಮುದಾಯ, ವಯಸ್ಸು ಬದಲಾದಂತೆ ನೋಟದ ನಿಯಮವೂ ಬದಲಾಗುತ್ತದೆ. ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ನಮ್ಮಲ್ಲಿ ಮರ್ಯಾದೆ. ಫಿನ್ಲೆಂಡ್ ಮತ್ತು ಜಪಾನಿನ ಜನರನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೇರವಾಗಿ ನೋಡುವ ಮುಖವನ್ನು ಜಪಾನಿನವರು ಹೆಚ್ಚು ಸಿಟ್ಟಿನದೆಂದೂ ಹತ್ತಿರ ಹೋಗಲಾರದ್ದೆಂದೂ ಅಂದಾಜಿಸಿದರು.

ಈಗ ಅನೇಕ ಮನೆಗಳಲ್ಲಿ ಶಾಸ್ತ್ರದ ನಡುವೆಯೇ ‘ಮಹಡಿ ಮೇಲೆ ಹೋಗಿ ಒಂದೈದು ನಿಮಿಷ ಮಾತಾಡ್ಕೊಂಡು ಬನ್ನಿ’ ಎಂದು ಕಳಿಸುತ್ತಾರೆ. ಅಲ್ಲಿ ಇಬ್ಬರಿಗೂ ನೋಡುವ, ನೋಡದಿರುವ ಆಯ್ಕೆ ಸ್ವಲ್ಪ ಮಟ್ಟಿಗೆ ಮರಳುತ್ತದೆ. ಅದಕ್ಕಿಂತ ಹೆಚ್ಚು ತಿಳಿಸುವುದು ಆಮೇಲೆ ಅಡುಗೆಮನೆಯಲ್ಲಿ ಅಮ್ಮ ಕೇಳುವ ‘ಏನೇ, ಹುಡುಗ ಹಿಡಿಸಿದ್ನಾ?’ ಎಂಬ ಪ್ರಶ್ನೆ. ಹುಡುಗಿಗೆ ‘ಇಲ್ಲ’ ಎನ್ನುವ ಸ್ವಾತಂತ್ರ್ಯ ಇದ್ದರೆ ಮಾತ್ರ ಆ ಉತ್ತರಕ್ಕೆ ಬೆಲೆ.

ಅಳತೆಗೋಲು

ಇಲ್ಲಿ ಹೇಳಿದ ಅಧ್ಯಯನಗಳಲ್ಲಿ ಒಲವು ಇತ್ತೋ ಇಲ್ಲವೋ ಎಂದು ತಿಳಿಯಲು ಸಂಶೋಧಕರು ನೆಚ್ಚಿಕೊಂಡದ್ದು ದೇಹಭಾಷೆಯನ್ನಲ್ಲ. ಭೇಟಿಯಾದವರನ್ನು ಬೇರೆ ಬೇರೆಯಾಗಿ, ಎದುರಿನವರಿಗೆ ಕಾಣದಂತೆ ಕೇಳಿ ಬರೆಸಿಕೊಂಡ ಉತ್ತರವೇ ಅಳತೆಗೋಲು. ಬರ್ಲಿನ್ನಿನ ಸ್ಪೀಡ್ ಡೇಟಿಂಗಿನಲ್ಲಿ ಪ್ರತಿ ಭೇಟಿ ಮೂರೇ ನಿಮಿಷ. ಮುಗಿದೊಡನೆ ಇಬ್ಬರೂ ಮತ್ತೆ ಭೇಟಿಯಾಗುವ ಮನಸ್ಸಿದೆಯೇ ಎಂದು ಬರೆಯಬೇಕು. ಇಬ್ಬರೂ ‘ಹೌದು’ ಎಂದರೆ ಮಾತ್ರ ವಿಳಾಸ ವಿನಿಮಯ. ಆ ಉತ್ತರಕ್ಕೂ ಅದರದೇ ಮಿತಿಯಿದೆ. ಯೆನ್ಸ್ ಆಸೆನ್‌ಡಾರ್ಫ್, ಲಾರ್ಸ್ ಪೆಂಕೆ, ಮಿತ್ಯಾ ಬಾಕ್ ಅಲ್ಲಿನ 382 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿ 2011ರಲ್ಲಿ ವರದಿ ಮಾಡಿದಂತೆ, ಅಲ್ಲಿ ಭೇಟಿಯಾದವರೊಬ್ಬರ ಜೊತೆ ಮುಂದೆ ಪ್ರೇಮಸಂಬಂಧ ಬೆಳೆದ ಸಂಭವ ಶೇ. 4ರಷ್ಟು ಮಾತ್ರ.